ಏಳು ರೀಡಿಂಗ್, ಒಂದು ಪ್ಯಾರಾಬೋಲ: ಭೋಸರಿಯ ಟೆಸ್ಟ್ ಬೆಂಚ್‌ನಿಂದ

ನಾನು ಗದಗ ಕಡೆಯವನು. ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ನೀರಿನ ಪಂಪ್‌ಗಳ ಟೆಸ್ಟಿಂಗ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವಿಜಯಪುರ, ಕಲಬುರಗಿ ಕಡೆಯವರೇ. ಹಾಗಾಗಿ ಬೆಂಚ್ ಹತ್ತಿರ ಮಾತು ಕನ್ನಡದಲ್ಲಿ, ರಿಪೋರ್ಟ್ ಮಾತ್ರ ಇಂಗ್ಲಿಷ್‌ನಲ್ಲಿ.

ಒಮ್ಮೆ ಒಬ್ಬ ಡೀಲರ್ ಕೇಳಿದರು: ಸೆಕೆಂಡಿಗೆ 9 ಲೀಟರ್ ನೀರು ಬರುವಾಗ ಈ ಪಂಪ್ ಎಷ್ಟು ಮೀಟರ್ ಎತ್ತರಕ್ಕೆ ತಳ್ಳುತ್ತದೆ? ನಾವು 9ರಲ್ಲಿ ಟೆಸ್ಟ್ ಮಾಡಿರಲಿಲ್ಲ. ಪಂಪ್ ಬೆಂಚ್‌ನಿಂದ ಇಳಿದು ಮೂಲೆ ಸೇರಿತ್ತು. ಕೈಯಲ್ಲಿದ್ದದ್ದು ಈ ಏಳು ರೀಡಿಂಗ್ ಮಾತ್ರ. Q ಅಂದರೆ ಸೆಕೆಂಡಿಗೆ ಇಷ್ಟು ಲೀಟರ್, H ಅಂದರೆ ಹೆಡ್, ಪಂಪ್ ನೀರನ್ನು ತಳ್ಳುವ ಎತ್ತರ, ಮೀಟರ್‌ನಲ್ಲಿ.

```
Q :  0     2     4     6     8     10    12
H : 32.1  31.5  30.4  28.1  25.4  21.4  16.9
```

8 ಮತ್ತು 10ರ ನಡುವೆ ಅಂದಾಜು ಹೇಳಬಹುದಿತ್ತು. ಆದರೆ ಆ ಎರಡರಲ್ಲಿ ಒಂದು ರೀಡಿಂಗ್ ಸ್ವಲ್ಪ ತಪ್ಪಿದ್ದರೂ ಉತ್ತರ ತಪ್ಪುತ್ತದೆ. ನಮ್ಮ ಪ್ರೆಶರ್ ಗೇಜ್‌ನ ಕೊನೆಯ ಅಂಕಿ 0.01 ಕೆಜಿ ಪ್ರತಿ ಚದರ ಸೆಂಟಿಮೀಟರ್. ನೀರಿನ ಲೆಕ್ಕದಲ್ಲಿ ಅದು 10 ಸೆಂಟಿಮೀಟರ್ ಎತ್ತರ. ಆ ಅಂಕಿ ಯಾವಾಗಲೂ ಅಲುಗಾಡುತ್ತಿರುತ್ತದೆ. ಏಳೂ ರೀಡಿಂಗ್‌ಗಳ ಮಾತು ಕೇಳುವ ಒಂದು ಗೆರೆ ಬೇಕಿತ್ತು.

ಅದಕ್ಕೆ ಕನಿಷ್ಠ ವರ್ಗಗಳ ವಿಧಾನ ಹಿಡಿದೆ. ಗೆರೆ ಹೇಳುವ ಹೆಡ್‌ಗೂ ನಾವು ಅಳೆದ ಹೆಡ್‌ಗೂ ಪ್ರತಿ ರೀಡಿಂಗ್‌ನಲ್ಲಿ ಒಂದಿಷ್ಟು ಅಂತರ ಉಳಿಯುತ್ತದೆ. ನಾನು ಅದನ್ನು ಉಳಿಕೆ ಅನ್ನುತ್ತೇನೆ. ಎಲ್ಲ ಉಳಿಕೆಗಳನ್ನೂ ವರ್ಗ ಮಾಡಿ ಕೂಡಿಸಿದಾಗ ಆ ಮೊತ್ತ ಅತಿ ಕಡಿಮೆ ಇರುವ ಗೆರೆಯೇ ನಮ್ಮ ಗೆರೆ. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಇದನ್ನು ಪ್ರಕಟಿಸಿದ್ದು ಧೂಮಕೇತುಗಳ ದಾರಿ ಲೆಕ್ಕ ಹಾಕುವುದಕ್ಕೆ. ಪಂಪ್‌ಗೂ ಅದೇ ಲೆಕ್ಕ ನಡೆಯುತ್ತದೆ.

ಲೆಕ್ಕಕ್ಕೆ ಕೂರುವ ಮೊದಲು ಒಂದು ಕೆಲಸ ಮಾಡಿದೆ. ಇದನ್ನು ಬಿಟ್ಟರೆ ಕೈಲೆಕ್ಕ ಸುಮ್ನೆ ಉದ್ದವಾಗುತ್ತದೆ. Qನ ನಡು ಬೆಲೆ 6. ಅದನ್ನು ಸೊನ್ನೆ ಅಂತ ಇಟ್ಟುಕೊಂಡೆ. ಹೆಜ್ಜೆ 2 ಇರುವುದರಿಂದ ಎರಡರಿಂದ ಭಾಗಿಸಿದೆ.

```
t = (Q - 6)/2
t : -3  -2  -1  0  1  2  3
```

ಈಗ t ಎಲ್ಲ ಕೂಡಿಸಿದರೆ ಸೊನ್ನೆ. t³ ಎಲ್ಲ ಕೂಡಿಸಿದರೂ ಸೊನ್ನೆ. ಎಡಗಡೆಯದು ಬಲಗಡೆಯದನ್ನು ಹೊಡೆದುಹಾಕುತ್ತದೆ. ಉಳಿಯುವುದು Σt² = 28, Σt⁴ = 196. Q ಅನ್ನೇ ಇಟ್ಟುಕೊಂಡಿದ್ದರೆ ΣQ = 42, ΣQ³ = 3528, ΣQ⁴ = 36400 ಅಂತ ಎಲ್ಲವೂ ಮೂರು ಸಮೀಕರಣಗಳಲ್ಲಿ ಬಂದು ಕೂರುತ್ತಿದ್ದವು. ರೀಡಿಂಗ್‌ಗಳ ನಡುವಿನ ಅಂತರ ಒಂದೇ ಸಮ ಇದ್ದಾಗ ಮಾತ್ರ ಇಷ್ಟು ಸಲೀಸು. ಅದಕ್ಕೇ ನಾನು ವಾಲ್ವ್ ತಿರುಗಿಸುವಾಗ ಫ್ಲೋ ಮೀಟರ್ ಸರಿಯಾಗಿ 2, 4, 6 ತೋರಿಸುವವರೆಗೆ ಕಾಯುತ್ತೇನೆ.

ಮೊದಲು ನೇರ ಗೆರೆ ಹಾಕಿ ನೋಡಿದೆ: H = a + b t. ನಾರ್ಮಲ್ ಸಮೀಕರಣಗಳು ಎರಡು. ಅವು ಎಲ್ಲಿಂದ ಬರುತ್ತವೆ ಅಂದರೆ, ವರ್ಗಗಳ ಮೊತ್ತ ಅತಿ ಕಡಿಮೆ ಇರುವ ಜಾಗದಲ್ಲಿ a ಅನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೂ ಮೊತ್ತ ಇಳಿಯಬಾರದು. ಅದನ್ನು ಬರೆದರೆ 'ಉಳಿಕೆಗಳ ಮೊತ್ತ ಸೊನ್ನೆ' ಅಂತ ಬರುತ್ತದೆ. b ಅನ್ನು ಹಾಗೇ ಮಾಡಿದರೆ 't ಇಂದ ಗುಣಿಸಿದ ಉಳಿಕೆಗಳ ಮೊತ್ತ ಸೊನ್ನೆ' ಅಂತ ಬರುತ್ತದೆ. ಬಿಡಿಸಿ ಬರೆದರೆ ಹೀಗೆ:

```
7a + 0·b  = ΣH  = 185.8
0·a + 28b = ΣtH = -70.8
```

a = 26.54, b = -2.53. ಎರಡೇ ಭಾಗಾಕಾರ. ಹೆಡ್‌ನ ಏರಿಳಿತದಲ್ಲಿ ಎಷ್ಟು ಪಾಲನ್ನು ಗೆರೆ ಹಿಡಿದಿದೆ ಅಂತ ಹೇಳುವ R² ನೋಡಿದೆ, 0.925. ಚೆನ್ನಾಗಿಯೇ ಇದೆಯಲ್ಲ ಅನ್ನಿಸಿತು. ಹಾಳೆಯನ್ನು ನಮ್ಮ ಫೋರ್‌ಮನ್ ಕಾಕಾಗೆ ತೋರಿಸಿದೆ. ಅವರು ಗಣಿತ ಕಲಿತವರಲ್ಲ. ಆದರೆ ಮೂವತ್ತು ವರ್ಷ ಪಂಪ್ ಬಿಚ್ಚಿದ ಕೈ.

"ತಮ್ಮಾ, ಗೆರಿ ಚಂದ ಐತಿ. ಆದ್ರ ವಾಲ್ವ್ ಪೂರಾ ಮುಚ್ಚಿದಾಗ ಇದು 34 ಮೀಟರ್ ಅಂತೈತಿ. ನಾವು ನೋಡಿದ್ದು 32. ಎರಡು ಮೀಟರ್ ಎಲ್ಲಿಂದ ಬಂತು?"

ಅವರ ಪ್ರಶ್ನೆ ಸರಿಯಾಗಿತ್ತು. ಕೂತು ಏಳೂ ಉಳಿಕೆ ಬರೆದೆ:

```
-2.03  -0.10  +1.33  +1.56  +1.39  -0.09  -2.06
```

ಇಲ್ಲಿ ನೋಡಬೇಕಾದದ್ದು ಚಿಹ್ನೆಗಳನ್ನು. ಎರಡು ಮೈನಸ್, ಮೂರು ಪ್ಲಸ್, ಮತ್ತೆ ಎರಡು ಮೈನಸ್. ಗೇಜ್ ಅಲುಗಾಟದಿಂದ ಬಂದ ಉಳಿಕೆಗಳಾಗಿದ್ದರೆ ಚಿಹ್ನೆಗಳು ಕಲಸಿಹೋಗಿರುತ್ತಿದ್ದವು. ಹೀಗೆ ಗುಂಪುಗುಂಪಾಗಿ ನಿಂತಿವೆ ಅಂದರೆ ಡೇಟಾದಲ್ಲಿ ಬಾಗು ಇದೆ, ಗೆರೆಗೆ ಆ ಬಾಗು ಇಲ್ಲ. ಅಳತೆಯೂ ಅದನ್ನೇ ಹೇಳುತ್ತದೆ. ಗೇಜ್ ತಪ್ಪುವುದು 0.1 ಮೀಟರ್, ಉಳಿಕೆ 2 ಮೀಟರ್. R² ಇದನ್ನು ತೋರಿಸಲೇ ಇಲ್ಲ. ಹೆಡ್ ಒಟ್ಟಿನಲ್ಲಿ ಇಳಿಯುತ್ತಾ ಹೋಗುವುದರಿಂದ ಕನಿಷ್ಠ ವರ್ಗಗಳ ನೇರ ಗೆರೆಗೂ R² ಒಂದರ ಹತ್ತಿರ ಬಂದುಬಿಡುತ್ತದೆ. ಅಂದಿನಿಂದ ನಾನು R² ನೋಡುವ ಮೊದಲು ಉಳಿಕೆ ನೋಡುತ್ತೇನೆ.

ಬಾಗು ಬರುವುದಕ್ಕೆ ಕಾರಣವೂ ಇದೆ. ಪಂಪ್ ಒಳಗೆ ನೀರು ಉಜ್ಜಿಕೊಂಡು, ಸುಳಿ ತಿರುಗಿ ಕಳೆದುಕೊಳ್ಳುವ ಹೆಡ್ ಹೆಚ್ಚುಕಡಿಮೆ Qನ ವರ್ಗದಂತೆ ಏರುತ್ತದೆ. ನೀರು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಆದ್ದರಿಂದ ಇಲ್ಲಿ ಪ್ಯಾರಾಬೋಲ ಹಾಕುವುದಕ್ಕೆ ಪಂಪೇ ಕಾರಣ ಕೊಡುತ್ತದೆ: H = a + b t + c t². ಈಗ 't² ಇಂದ ಗುಣಿಸಿದ ಉಳಿಕೆಗಳ ಮೊತ್ತವೂ ಸೊನ್ನೆ' ಅನ್ನುವ ಮೂರನೇ ಸಮೀಕರಣ ಸೇರಿತು.

```
7a  + 28c  = 185.8
28b        = -70.8
28a + 196c = Σt²H = 708.4
```

ನಡುವಿನದು ಒಂಟಿಯಾಗಿದೆ, b ಬದಲಾಗಲೇ ಇಲ್ಲ. ಮೊದಲನೆಯದನ್ನು ನಾಲ್ಕರಿಂದ ಗುಣಿಸಿ ಮೂರನೆಯದರಿಂದ ಕಳೆದರೆ 84c = -34.8. ಅಂದರೆ c = -0.4143, a = 28.2. ಉಳಿಕೆಗಳು:

```
+0.04  -0.10  +0.09  -0.10  +0.14  -0.09  +0.01
```

ಎಲ್ಲವೂ ಗೇಜ್‌ನ ಕೊನೆಯ ಅಂಕಿಯ ಆಸುಪಾಸಿನಲ್ಲೇ ಇವೆ. ಚಿಹ್ನೆ ಗುಂಪು ಕಟ್ಟಿಲ್ಲ. ವರ್ಗಗಳ ಮೊತ್ತ 14.5ರಿಂದ 0.06ಕ್ಕೆ ಇಳಿಯಿತು. ಇನ್ನು t³ ಸೇರಿಸುವ ಆಸೆ ಬೇಡ. ಗೇಜ್‌ನ ಅಲುಗಾಟ ಬಿಟ್ಟರೆ ಅದಕ್ಕೆ ಹಿಡಿಯಲು ಏನೂ ಉಳಿದಿಲ್ಲ.

9 ಲೀಟರ್ ಅಂದರೆ t = 1.5. ಹಾಕಿದರೆ 23.5 ಮೀಟರ್. ನೇರ ಗೆರೆ ಹೇಳುತ್ತಿದ್ದದ್ದು 22.7.

ಆಮೇಲೆ ಇದೇ ಲೆಕ್ಕವನ್ನು ಕಂಪ್ಯೂಟರ್‌ನಲ್ಲಿ ಸ್ಪ್ರೆಡ್‌ಶೀಟ್‌ಗೆ ಹಾಕಿದೆ. c = -0.382 ಬಂತು. ಕೈಲೆಕ್ಕದಲ್ಲಿ -0.414 ಇತ್ತಲ್ಲ! ಹತ್ತು ನಿಮಿಷ ಸೂತ್ರಗಳನ್ನೇ ತಿದ್ದುತ್ತಿದ್ದೆ. ಕೊನೆಗೆ ಉಳಿಕೆಗಳ ಸಾಲು ನೋಡಿದರೆ Q = 8ರಲ್ಲಿ -0.50. ಪಕ್ಕದ ರೀಡಿಂಗ್‌ಗಳೆಲ್ಲ ಪ್ಲಸ್. 25.4 ಬದಲು 24.5 ಟೈಪ್ ಮಾಡಿದ್ದೆ.

ಇಲ್ಲಿ ಒಂದು ಮಾತು ಗಮನಿಸಿ. ನನ್ನ ತಪ್ಪು 0.9 ಮೀಟರ್, ಉಳಿಕೆ ತೋರಿಸಿದ್ದು ಬರೀ 0.5. ಉಳಿದ 0.4 ಎಲ್ಲಿ ಹೋಯಿತು? ಗೆರೆಯೇ ಆ ತಪ್ಪು ರೀಡಿಂಗ್ ಕಡೆಗೆ ವಾಲಿತ್ತು. ವರ್ಗ ಮಾಡುವುದರಿಂದ ದೂರ ನಿಂತ ರೀಡಿಂಗ್ ಜೋರಾಗಿ ಎಳೆಯುತ್ತದೆ. ಅದು ಎಳೆದಷ್ಟೂ ಅದರ ತಪ್ಪು ಚಿಕ್ಕದಾಗಿ ಕಾಣುತ್ತದೆ, ನೆಟ್ಟಗಿರುವ ಪಕ್ಕದವು ತಪ್ಪಿದಂತೆ ಕಾಣುತ್ತವೆ. Q = 4ರ ಸರಿ ರೀಡಿಂಗ್‌ಗೆ +0.28 ಬಂದಿತ್ತು. ಏಳೇ ರೀಡಿಂಗ್, ಮೂರು ಗುಣಾಂಕ ಇರುವಾಗ ಇದು ಜಾಸ್ತಿ. ಹಾಗಾಗಿ ಒಂದು ಉಳಿಕೆ ಎದ್ದು ಕಂಡರೆ ನಾನು ಮೊದಲು ನೋಟ್‌ಬುಕ್ ತೆಗೆಯುತ್ತೇನೆ. ಅಲ್ಲೂ ಹಾಗೇ ಇದ್ದರೆ ಆ ರೀಡಿಂಗ್ ಮತ್ತೆ ತೆಗೆಯುತ್ತೇನೆ. ಸುಮ್ನೆ ಅಳಿಸಿಹಾಕುವುದಿಲ್ಲ.

ಕೊನೆಯ ತೊಡಕು ಅಂಕಿ ಕತ್ತರಿಸುವುದರಿಂದ ಬಂತು. ಡೀಲರ್‌ಗೆ ಸೂತ್ರ ಬೇಕಿತ್ತು, ಅದೂ ನಿಮಿಷಕ್ಕೆ ಇಷ್ಟು ಲೀಟರ್ ಲೆಕ್ಕದಲ್ಲಿ. t ಬಿಡಿಸಿ ಮತ್ತೆ Qಗೆ ತಂದರೆ ಸೆಕೆಂಡ್ ಲೆಕ್ಕದಲ್ಲಿ ಇದು ಬರುತ್ತದೆ:

```
H = 32.057 - 0.0214 Q - 0.10357 Q²
```

ನಿಮಿಷಕ್ಕೆ ಬದಲಿಸಿದಾಗ Q ಅರವತ್ತು ಪಟ್ಟು ದೊಡ್ಡದಾಗುತ್ತದೆ, Q² ಮುಂದಿನ ಗುಣಾಂಕ 3600 ಪಟ್ಟು ಸಣ್ಣದಾಗುತ್ತದೆ. ಸ್ಪ್ರೆಡ್‌ಶೀಟ್ ಗ್ರಾಫ್ ಮೇಲೆ ಈ ಸೂತ್ರ ಬರೆದು ತೋರಿಸಿತು:

```
y = -3E-05x² - 0.0004x + 32.057
```

ಇದನ್ನೇ ಕಾಪಿ ಮಾಡಿ 720 ಹಾಕಿ ನೋಡಿ. 16.2 ಮೀಟರ್ ಬರುತ್ತದೆ. ನಾವು ಅಳೆದದ್ದು 16.9. ಗ್ರಾಫ್ ಮೇಲಿನ ಗೆರೆ ರೀಡಿಂಗ್‌ಗಳ ಮೇಲೇ ಹೋಗುತ್ತಿರುತ್ತದೆ, ಅದರ ಪಕ್ಕ ಬರೆದ ಸೂತ್ರ ಮಾತ್ರ ಸುಮಾರು ಎಪ್ಪತ್ತು ಸೆಂಟಿಮೀಟರ್ ಕೆಳಗೆ. ನಿಜವಾದ ಗುಣಾಂಕ -0.00002877. ಅದನ್ನು ಒಂದೇ ಅಂಕಿಗೆ ಕತ್ತರಿಸಿ -0.00003 ಮಾಡಿತ್ತು. ಅದು 720ರ ವರ್ಗದಿಂದ, ಅಂದರೆ 518400ರಿಂದ ಗುಣಿಸುವ ಸಂಖ್ಯೆ. ಸಣ್ಣ ಕತ್ತರಿಯೂ ಅಲ್ಲಿ ದೊಡ್ಡ ತುಂಡಾಗುತ್ತದೆ. ನಾನೀಗ ಲೇಬಲ್‌ನಲ್ಲಿ ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿಯೇ ಕಾಪಿ ಮಾಡುತ್ತೇನೆ. ಸೂತ್ರ ಕಳಿಸುವ ಮೊದಲು ಎರಡು ತುದಿಯ ರೀಡಿಂಗ್‌ಗಳನ್ನು ಅದರಲ್ಲೇ ಹಾಕಿ ತಾಳೆ ನೋಡುತ್ತೇನೆ.

ಸೂತ್ರದ ಕೆಳಗೆ 'ನಿಮಿಷಕ್ಕೆ 0ಯಿಂದ 720 ಲೀಟರ್‌ವರೆಗೆ ಮಾತ್ರ' ಅಂತ ಬರೆದು ಕಳಿಸಿದೆ. ಅದರಾಚೆ ನಾವು ಅಳೆದಿಲ್ಲ. ನೀರು ಜಾಸ್ತಿಯಾದಂತೆ ಸಕ್ಷನ್ ಬದಿಯಲ್ಲಿ ಗುಳ್ಳೆ ಹುಟ್ಟಿ ಹೆಡ್ ತಟ್ಟನೆ ಬೀಳಬಹುದು. ಆ ಬೀಳುವಿಕೆ ಪ್ಯಾರಾಬೋಲಕ್ಕೆ ಗೊತ್ತಿರುವುದಿಲ್ಲ.

ಮರುದಿನ ಕಾಕಾ ಆ ಪಂಪ್ ಅನ್ನು ಮತ್ತೆ ಬೆಂಚ್ ಮೇಲೆ ಏರಿಸಿದರು. ನಾನು ಕೇಳಿರಲಿಲ್ಲ. ವಾಲ್ವ್ ತಿರುಗಿಸುತ್ತಾ ಫ್ಲೋ ಮೀಟರ್ 9ಕ್ಕೆ ತಂದು ನಿಲ್ಲಿಸಿದರು. "ನಿನ್ನ ಹಾಳಿ ಏನಂತೈತಿ?" ಅಂದರು. 23.5 ಅಂದೆ. ಗೇಜ್ ನೋಡಿ ಸಕ್ಷನ್ ಲೆಕ್ಕ ಕೂಡಿಸಿದೆ. 23.4 ಬಂತು.