ದಬ್ಬೆಯಲ್ಲಿ ಗೋಲಿ ಉರುಳಿಸಿ ನೆಸ್ಟೆರೋವ್ ಅರ್ಥ ಮಾಡಿಕೊಂಡಿದ್ದು

"ನೆಸ್ಟೆರೋವ್ ಹಾಕಿ ಏನೂ ಸಿಗಲ್ಲ ಮಾರಾಯ, ಆಡಮ್ ಹಾಕಿ ಮಲಕ್ಕೋ." ಹೋದ ವರ್ಷ ಇದನ್ನ ನನಗೆ ಮೂರು ಜನ ಹೇಳಿದ್ದರು. ಮೂವರೂ ನನಗಿಂತ ಜಾಸ್ತಿ ಓದಿದವರು. ನೆಸ್ಟೆರೋವ್, ಆಡಮ್ ಎರಡೂ ನೆಟ್‌ವರ್ಕಿಗೆ ಕಲಿಸುವಾಗ ಗ್ರೇಡಿಯೆಂಟ್ ಡಿಸೆಂಟಿನ ಹೆಜ್ಜೆಯನ್ನ ಚುರುಕು ಮಾಡುವ ಉಪಾಯಗಳು. ಈಗ ನನ್ನ ನೆಟ್‌ವರ್ಕಿನ ಟ್ರೇನಿಂಗ್, ಶೆಡ್ಡಿನಲ್ಲಿರುವ ಹಳೇ ಲ್ಯಾಪ್‌ಟಾಪಿನಲ್ಲೇ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ. ಗ್ರೇಡಿಯೆಂಟ್ ಡಿಸೆಂಟ್ ಗೊತ್ತಿದೆ ಅಂತಲೇ ಇಟ್ಟುಕೊಂಡು ಮುಂದೆ ಹೋಗುತ್ತೇನೆ.

ಕೆಲಸ ಇಷ್ಟೇ. ಅಡಿಕೆ ಗ್ರೇಡ್ ಮಾಡುವ ಮಷೀನು. ಬೆಲ್ಟಿನ ಮೇಲೆ ಅಡಿಕೆ ಹೋಗುತ್ತದೆ, ಕ್ಯಾಮೆರಾ ನೋಡುತ್ತದೆ, ಚಾಲಿಯೋ ಕೆಂಪುಗೋಟೋ ಬಿಳಿಗೋಟೋ ಅಂತ ಒಂದು ಪುಟ್ಟ ನೆಟ್‌ವರ್ಕ್ ಹೇಳಬೇಕು. ಒಂದೊಂದು ಅಡಿಕೆಗೆ ನಲವತ್ತು ಚಿಲ್ಲರೆ ಅಳತೆ: ಉದ್ದ, ಅಗಲ, ತೂಕ, ಬಣ್ಣ, ಸುಕ್ಕು ಹೀಗೆ. ಡೇಟಾ ಹತ್ತು ಹನ್ನೆರಡು ಸಾವಿರ ಅಡಿಕೆ ಇರಬಹುದು. ಇಷ್ಟು ಸಣ್ಣದಕ್ಕೆ ಇಡೀ ಡೇಟಾ ಒಟ್ಟಿಗೇ ಹಾಕಿ ಒಂದು ಸ್ಟೆಪ್ ತೆಗೆಯಬಹುದು, ಮಿನಿಬ್ಯಾಚ್ ಬೇಡ. ಇದನ್ನ ನೆನಪಿಡಿ, ಆಮೇಲೆ ಬೇಕಾಗುತ್ತದೆ.

ತೊಂದರೆ ಏನು ಅಂದರೆ ಲಾಸ್ ಮೊದಲ ಐವತ್ತು ಸ್ಟೆಪ್‌ನಲ್ಲಿ ದಡದಡ ಇಳಿದು, ಆಮೇಲೆ ಎಮ್ಮೆ ಕೂತ ಹಾಗೆ ಕೂತುಬಿಡುತ್ತಿತ್ತು. ಪೂರ್ತಿ ಕೂತಿಲ್ಲ, ಇಳಿಯುತ್ತಲೇ ಇದೆ, ಆದರೆ ಸಾವಿರಾರು ಸ್ಟೆಪ್ ಬೇಕು. ಫೀಚರ್‌ಗಳನ್ನ ಸ್ಕೇಲ್ ಮಾಡಿದ್ದೆ, ಅದನ್ನು ಕೇಳಬೇಡಿ. ಸ್ಕೇಲ್ ಮಾಡಿದರೂ ಉದ್ದ, ಅಗಲ, ತೂಕ ಮೂರೂ ಕೈ ಕೈ ಹಿಡಿದುಕೊಂಡೇ ಏರುತ್ತವೆ, ದೊಡ್ಡ ಅಡಿಕೆ ಅಂದರೆ ಮೂರೂ ದೊಡ್ಡದು. ಅದರಿಂದ ಲಾಸ್‌ನ ಕಣಿವೆ ಉದ್ದಕ್ಕೆ, ಇಕ್ಕಟ್ಟಾಗಿ, ಅದೂ ಓರೆಯಾಗಿ ಮಲಗಿರುತ್ತದೆ. ಆಡಮ್ ಒಂದೊಂದು ಪ್ಯಾರಾಮೀಟರಿಗೆ ಬೇರೆ ಬೇರೆ ಹೆಜ್ಜೆ ಕೊಡುತ್ತದೆ, ಅಂದರೆ ನೇರ ಅಕ್ಷಗಳಲ್ಲಿ ಮಾತ್ರ ಹಿಗ್ಗಿಸಿ ಕುಗ್ಗಿಸುತ್ತದೆ. ಓರೆ ಕಣಿವೆಗೆ ಅದು ಅಷ್ಟಾಗಿ ನಾಟುವುದಿಲ್ಲ. ನನಗಂತೂ ನಾಟಲಿಲ್ಲ.

ಎರಡು ತಿಂಗಳು ರಾತ್ರಿಯೆಲ್ಲ ಬಾಡಿಗೆ ಜಿಪಿಯು ಮೇಲೆ ನೂರಾರು ಸೆಟ್ಟಿಂಗ್ ಓಡಿಸಿದೆ. ಹದಿನೇಳೋ ಹದಿನೆಂಟೋ ಸಾವಿರ ಹೋಯಿತು. ಮನೆಯಲ್ಲಿ ಬಿಲ್ ತೋರಿಸಲಿಲ್ಲ.

ಮತ್ತೆ ದಬ್ಬೆ. ಅಡಿಕೆ ಮರ ಸೀಳಿ ತಿರುಳು ತೆಗೆದ ದಬ್ಬೆಯೊಂದು ಅಂಗಳದಲ್ಲಿ ಬಿದ್ದಿತ್ತು, ಅಣ್ಣನ ಮಗ ಅದರ ಒಂದು ತುದಿಗೆ ಕಲ್ಲು ಕೊಟ್ಟು ಎತ್ತರಿಸಿ ಗೋಲಿ ಉರುಳಿಸುತ್ತಿದ್ದ. ನಡುವಿನಲ್ಲಿ ಬಿಡುವುದಿಲ್ಲ, ಅಂಚಿನ ಮೇಲಿಂದ ಬಿಡುತ್ತಾನೆ. ಗೋಲಿ ಆ ಗೋಡೆಗೆ ಹತ್ತಿ ಈ ಗೋಡೆಗೆ ಹತ್ತಿ ತೂಗುತ್ತಾ ಹೋಗುತ್ತದೆ. ಅಡ್ಡ ತೂಗಾಟ ಬರಬರುತ್ತಾ ಸಣ್ಣದಾಗುತ್ತದೆ, ಉದ್ದದ ವೇಗ ಮಾತ್ರ ಏರುತ್ತಲೇ ಹೋಗುತ್ತದೆ. ನೋಡುತ್ತಾ ಕೂತವನಿಗೆ ಅನ್ನಿಸಿದ್ದು, ನನ್ನ ಗ್ರೇಡಿಯೆಂಟ್ ಡಿಸೆಂಟ್ ಗೋಲಿಯೇ ಅಲ್ಲವಲ್ಲ ಅಂತ. ಗೋಲಿಗೆ ಹಿಂದಿನ ವೇಗ ನೆನಪಿರುತ್ತದೆ. ನನ್ನದಕ್ಕೆ ಏನೂ ನೆನಪಿಲ್ಲ. ಅದು ಜೋನಿಬೆಲ್ಲದಲ್ಲಿ ಮುಳುಗಿದ ಗೋಲಿ: ಆ ಕ್ಷಣದ ಇಳಿಜಾರು ಎಷ್ಟೋ ಅಷ್ಟೇ ಚಲನೆ. ಅದರ ಮೇಲೆ ನಾವು ಜಾರಿಸುವುದೂ ಇಲ್ಲ, ಹಾರಿಸುತ್ತೇವೆ. ಹೆಜ್ಜೆ ದೊಡ್ಡದಾದರೆ ಈ ಗೋಡೆಯಿಂದ ಆ ಗೋಡೆಗೆ ಹಾರಿ ಅಲ್ಲೇ ಕುಣಿಯುತ್ತದೆ. ಚಿಕ್ಕದಾದರೆ ತಳದಲ್ಲಿ ತೆವಳುತ್ತದೆ.

ಅವತ್ತು ರಾತ್ರಿ ನೆಟ್‌ವರ್ಕ್ ಬದಿಗಿಟ್ಟು ದಬ್ಬೆಯನ್ನೇ ಕೋಡಿಗೆ ಹಾಕಿದೆ. ಉದ್ದಕ್ಕೆ x, ಅಡ್ಡಕ್ಕೆ y, ಅಡ್ಡ ಇಳಿಜಾರು ನೂರು ಪಟ್ಟು ಕಡಿದು: `f = 0.5*(x*x + 100*y*y)`. ಇದರಲ್ಲಿ ಸಾದಾ ಡಿಸೆಂಟಿಗೆ ಲರ್ನಿಂಗ್ ರೇಟ್ 0.02 ದಾಟುವ ಹಾಗಿಲ್ಲ, y ಸಿಡಿದುಹೋಗುತ್ತದೆ. 0.018 ಇಟ್ಟರೆ x ನೂರಕ್ಕೆ ಒಂದು ಪಾಲಿಗೆ ಇಳಿಯಲು 250 ಸ್ಟೆಪ್ ಆಸುಪಾಸು ಬೇಕು.

ಇದಕ್ಕೆ ಮೊಮೆಂಟಮ್ ಕೊಟ್ಟೆ, 0.9. ಪಾಲ್ಯಾಕ್ 1964ರಲ್ಲಿ ಹೇಳಿದ ಭಾರದ ಚೆಂಡು ಇದೇ. ಹಿಂದಿನ ವೇಗದ ಹತ್ತರಲ್ಲಿ ಒಂಬತ್ತು ಪಾಲು ಉಳಿಸಿಕೊಂಡು ಹೊಸ ಇಳಿಜಾರು ಸೇರಿಸುವುದು. ಅಡ್ಡ ದಿಕ್ಕಿನ ತಳ್ಳು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಒಂದನ್ನೊಂದು ತಿನ್ನುತ್ತವೆ. ಉದ್ದದ ತಳ್ಳು ಯಾವಾಗಲೂ ಒಂದೇ ಕಡೆ, ಸೇರಿ ಸೇರಿ ಹತ್ತು ಪಟ್ಟಿನವರೆಗೆ ಹೋಗುತ್ತದೆ. ಲರ್ನಿಂಗ್ ರೇಟನ್ನು 0.01ಕ್ಕೆ ಇಳಿಸಿದರೂ 80-90 ಸ್ಟೆಪ್‌ನಲ್ಲಿ ಕೆಲಸ ಆಯಿತು. ಇಲ್ಲೇ ಒಂದು ದಡ್ಡತನವನ್ನೂ ಮಾಡಿದೆ: 0.9 ಚೆನ್ನಾಗಿದೆ ಅಂದರೆ 0.99 ಇನ್ನೂ ಚೆನ್ನ ಅಂತ ನೆಟ್‌ವರ್ಕಿಗೆ ಹಾಕಿದೆ, ಲರ್ನಿಂಗ್ ರೇಟ್ ಮುಟ್ಟದೆ. ಹತ್ತು ಪಟ್ಟು ಇದ್ದದ್ದು ನೂರು ಪಟ್ಟಾಯಿತು. ಲಾಸ್ ಗುರಿ ದಾಟಿ ಆಚೆ ಗುಡ್ಡ ಹತ್ತಿ ವಾಪಸ್ಸು ಬರುತ್ತಾ ಇಡೀ ರಾತ್ರಿ ಉಯ್ಯಾಲೆ ಆಡಿತು, ಬೆಳಗ್ಗೆ ಬಿಲ್ ಬಂತು.

ಈಗ ನೆಸ್ಟೆರೋವ್, 1983ರದ್ದು. ಕೋಡಿನಲ್ಲಿ ವ್ಯತ್ಯಾಸ ಒಂದೇ ಸಾಲು:

```python
x, y, vx, vy = 10.0, 1.0, 0.0, 0.0
lr, b = 0.01, 0.9
for t in range(100):
    px, py = x - lr*b*vx, y - lr*b*vy
    vx, vy = b*vx + px, b*vy + 100*py
    x, y = x - lr*vx, y - lr*vy
    print(t, x, y)
```

`px, py = x, y` ಅಂತ ಮಾಡಿದರೆ ಭಾರದ ಚೆಂಡು. ಹೀಗೇ ಬಿಟ್ಟರೆ ನೆಸ್ಟೆರೋವ್: ವೇಗ ನಮ್ಮನ್ನ ಎಲ್ಲಿಗೆ ಒಯ್ಯಲಿದೆಯೋ ಆ ಜಾಗದ ಇಳಿಜಾರನ್ನು ಮೊದಲೇ ಇಣುಕಿ ನೋಡುತ್ತದೆ.

y ಒಂದನ್ನೇ ಹಿಡಿದು ಕೈಯಲ್ಲಿ ಲೆಕ್ಕ ಹಾಕಿ, ಎರಡೇ ಸ್ಟೆಪ್ ಸಾಕು. ಮೊದಲ ಸ್ಟೆಪ್‌ನಲ್ಲಿ ಎರಡೂ ಒಂದೇ: y 1ರಲ್ಲಿದೆ, ಇಳಿಜಾರು 100, ವೇಗ 100, 0.01 ಪಾಲು ಹೆಜ್ಜೆ ಇಟ್ಟರೆ y ಸೀದಾ 0. ತಳಕ್ಕೆ ಬಂದಾಯಿತು, ಆದರೆ ವೇಗ 100 ಕೈಯಲ್ಲೇ ಇದೆ. ಎರಡನೇ ಸ್ಟೆಪ್. ಭಾರದ ಚೆಂಡು ತಾನು ನಿಂತ ಜಾಗ ನೋಡುತ್ತದೆ, ಅಲ್ಲಿ ಇಳಿಜಾರು ಸೊನ್ನೆ, ಸರಿ ಅಂತ ವೇಗ 90 ಇಟ್ಟುಕೊಂಡು y = −0.9ಕ್ಕೆ ಹಾರುತ್ತದೆ. ಎದುರು ಗೋಡೆ! ನೆಸ್ಟೆರೋವ್ ಮೊದಲು −0.9ರಲ್ಲಿ ಇಣುಕುತ್ತದೆ, ಅಲ್ಲಿನ ಇಳಿಜಾರು −90, ಉಳಿದ ವೇಗ 90, ಕೂಡಿಸಿದರೆ ಸೊನ್ನೆ. y ತಳದಲ್ಲೇ ನಿಲ್ಲುತ್ತದೆ. ಇದನ್ನ ಪೇಪರಿನ ಮೇಲೆ ಬರೆದಾಗ ನಾನು ಜೋರಾಗಿ ನಕ್ಕಿದ್ದಕ್ಕೆ ನಾಯಿ ಬೊಗಳಿತು.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಉದ್ದದ ದಿಕ್ಕಿನಲ್ಲಿ ಇವೆರಡಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ನೆಸ್ಟೆರೋವ್‌ಗೂ 80ರ ಹತ್ತಿರ ಸ್ಟೆಪ್ ಬೇಕು. ಲಾಭ ಇರುವುದು ಅಡ್ಡ ದಿಕ್ಕಿನಲ್ಲಿ. ಗಣಿತದಲ್ಲಿ ನೋಡಿದರೆ ಇಂಥ ಬಟ್ಟಲಿನಲ್ಲಿ ನೆಸ್ಟೆರೋವ್ ಅಂದರೆ ಭಾರದ ಚೆಂಡೇ, ಆದರೆ ಒಂದೊಂದು ದಿಕ್ಕಿಗೆ ಬೇರೆ ಮೊಮೆಂಟಮ್: 0.9ನ್ನು (1 − ಲರ್ನಿಂಗ್ ರೇಟ್ × ಆ ದಿಕ್ಕಿನ ಕಡಿದು) ಇಂದ ಗುಣಿಸಿದಷ್ಟು. ಕಡಿದಾದ ಕಡೆ ಬ್ರೇಕು, ಚಪ್ಪಟೆ ಕಡೆ ಬ್ರೇಕಿಲ್ಲ.

ಹಾಗಾದರೆ ಆ ಮೂವರಿಗೆ ಯಾಕೆ ಏನೂ ಸಿಗಲಿಲ್ಲ? ನನಗೂ ಮೊದಲ ಸಲ ಸಿಗಲಿಲ್ಲ. ಭಾರದ ಚೆಂಡಿಗೆ ಚೆನ್ನಾಗಿ ಓಡುತ್ತಿದ್ದ ಲರ್ನಿಂಗ್ ರೇಟ್ ಹಾಗೇ ಬಿಟ್ಟು `nesterov=True` ಅಂತ ಹಾಕಿದೆ, ಹತ್ತೇ ಸ್ಟೆಪ್‌ನಲ್ಲಿ ಲಾಸ್ `nan`. "ನೋಡಿದ್ಯಾ, ಹೇಳಿರಲಿಲ್ವಾ" ಅಂದರು. ದಬ್ಬೆಯ ಕೋಡಿನಲ್ಲಿ ಕಾರಣ ಸಿಕ್ಕಿತು. ಮೊಮೆಂಟಮ್ 0.9 ಇದ್ದಾಗ ಭಾರದ ಚೆಂಡು 0.038ರವರೆಗೆ ತಡೆಯುತ್ತದೆ. ನೆಸ್ಟೆರೋವ್ 0.0136 ದಾಟಿದರೆ ಸಿಡಿಯುತ್ತದೆ, ಸಾದಾ ಡಿಸೆಂಟಿನ 0.02ಕ್ಕಿಂತಲೂ ಕಡಿಮೆ! ಹೆಜ್ಜೆ ದೊಡ್ಡದಿದ್ದರೆ ಇಣುಕಿ ನೋಡಿದ ಜಾಗ ಗೋಡೆಯ ತೀರಾ ಮೇಲಿರುತ್ತದೆ, ಅಲ್ಲಿನ ಇಳಿಜಾರಿಗೆ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವ ಬದಲು ಹಿಂದಕ್ಕೆ ಎಗರುತ್ತದೆ. ಲೆಕ್ಕ ಹಾಕಿದರೆ ಮಿತಿ ಸುಮಾರು ಮೂರರಲ್ಲೊಂದು ಪಾಲು. ನೆಟ್‌ವರ್ಕಿನಲ್ಲೂ ಲರ್ನಿಂಗ್ ರೇಟ್ ಮೂರರಲ್ಲೊಂದು ಮಾಡಿ ಓಡಿಸಿದೆ. ಮೊದಲು ನಾಲ್ಕೈದು ಸಾವಿರ ಸ್ಟೆಪ್ ಬೇಕಾಗಿದ್ದ ಲಾಸ್‌ಗೆ ಆರುನೂರರ ಸುತ್ತಮುತ್ತ ಬಂತು. ಅಷ್ಟೇ ಕಥೆ, ಹದಿನೆಂಟು ಸಾವಿರಕ್ಕೆ.

ನಿಮ್ಮದು ಗೋಡೆಗೆ ಬಡಿಯುತ್ತಿದೆಯೋ ತಳದಲ್ಲಿ ತೆವಳುತ್ತಿದೆಯೋ ಅಂತ ತಿಳಿಯಲು ಲಾಸ್ ಗ್ರಾಫ್ ಸಾಲದು, ಎರಡೂ ಒಂದೇ ಥರ ಕಾಣುತ್ತದೆ. ಈ ಸ್ಟೆಪ್‌ನ ಗ್ರೇಡಿಯೆಂಟಿಗೂ ಹಿಂದಿನ ಸ್ಟೆಪ್‌ನದಕ್ಕೂ ಕೊಸೈನ್ ತೆಗೆದು ಪ್ರಿಂಟ್ ಮಾಡಿ. −1ರ ಹತ್ತಿರ ಕೂತಿದ್ದರೆ ಗೋಡೆಯಿಂದ ಗೋಡೆಗೆ ಕುಣಿಯುತ್ತಿದೆ. +1ರ ಹತ್ತಿರ ಇದ್ದು ಲಾಸ್ ನಿಧಾನ ಇದ್ದರೆ ತೆವಳುತ್ತಿದೆ, ಮೊಮೆಂಟಮ್ ಏರಿಸಲು ಜಾಗ ಇದೆ.

ಪಕ್ಕದ ಪ್ರಯೋಗ ಎರಡು. ಮೇಲಿನ ಕೋಡ್ ಓಡಿಸಿದರೆ x ಗುರಿ ದಾಟಿ −1ರ ಆಚೆ ಹೋಗಿ ವಾಪಸ್ಸು ಬರುವುದು ಕಾಣುತ್ತದೆ. ಚೆಂಡು ಏರುಮುಖ ಆದ ಕೂಡಲೇ ವೇಗವನ್ನು ಸೊನ್ನೆ ಮಾಡಿ ಮತ್ತೆ ಶುರು ಮಾಡುವ ಉಪಾಯ ಇದೆ, ಇಡೀ ಡೇಟಾ ಒಟ್ಟಿಗೆ ಹಾಕುವ ನನ್ನಂಥವರಿಗೆ ಅದು ಬಹಳ ಒಳ್ಳೆಯದು. ಮಿನಿಬ್ಯಾಚಿನಲ್ಲಿ ಮಾಡಿ ನೋಡಿದೆ, ಗದ್ದಲಕ್ಕೆ ಸುಮ್ನೆ ಸುಮ್ನೆ ಏರುಮುಖ ಅಂತ ಕಂಡು ಹತ್ತು ಸ್ಟೆಪ್‌ಗೊಮ್ಮೆ ವೇಗ ಕೊಂದುಹಾಕಿತು. ಇನ್ನೊಂದು 2019ರಲ್ಲಿ ಬಂದ ಲುಕ್‌ಅಹೆಡ್. ಹೆಸರು ಕೇಳಿ ನೆಸ್ಟೆರೋವ್ ಅಂದುಕೊಳ್ಳಬೇಡಿ, ಅದು ಬೇರೆ: ಒಳಗಿನ ಆಪ್ಟಿಮೈಜರ್ ಐದು ಸ್ಟೆಪ್ ಮುಂದೆ ಹೋಗಿ ಬರುತ್ತದೆ, ನಾವು ಅದು ತಲುಪಿದ ಜಾಗದ ಕಡೆಗೆ ಅರ್ಧ ದಾರಿ ಮಾತ್ರ ಹೋಗುತ್ತೇವೆ. ಗೋಡೆ ಕುಣಿತವನ್ನ ಅದೂ ತಗ್ಗಿಸಿತು, ಆದರೆ ನನ್ನ ಡೇಟಾಕ್ಕೆ ನೆಸ್ಟೆರೋವ್ ಮೇಲೆ ಹೆಚ್ಚಿಗೆ ಏನೂ ಕೊಡಲಿಲ್ಲ, ತೆಗೆದೆ.

ಮೊದಲ ಇನ್ನೂರು ಸ್ಟೆಪ್‌ನಲ್ಲಿ ಮೊಮೆಂಟಮನ್ನ ಹೇಗೆ ಏರಿಸುತ್ತೇನೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ಹೊಟ್ಟೆಪಾಡು. ಸುಳಿವು ಬೇಕಾದರೆ ಆ ಕೊಸೈನ್ ಅಂಕಿಯಲ್ಲೇ ಇದೆ.

ಮೂವರಲ್ಲಿ ಒಬ್ಬ ಹೋದ ವಾರ ಶೆಡ್ಡಿಗೆ ಬಂದಿದ್ದ. ಲ್ಯಾಪ್‌ಟಾಪ್ ತೋರಿಸಿದೆ, ಸ್ವಲ್ಪ ಹೊತ್ತು ನೋಡಿ "ಲರ್ನಿಂಗ್ ರೇಟ್ ಎಷ್ಟು ಇಟ್ಟಿದ್ದೀಯಾ?" ಅಂತ ಕೇಳಿದ. ದಬ್ಬೆ ಹೊರಗೆ ಅಂಗಳದಲ್ಲಿದೆ, ಹೋಗಿ ಗೋಲಿ ಉರುಳಿಸು ಅಂದೆ.