ಕ್ಲಬ್‌ಹೌಸ್, ಪಾರ್ಕಿಂಗ್ ಎಲ್ಲಿ? ಬಿಲ್ಡರ್‌ಗೆ ನಾವು ಬರೆದ ಎರಡನೇ ಪತ್ರ

ನಮ್ಮ ಅಪಾರ್ಟ್‌ಮೆಂಟ್ ಮಾಲೀಕರ ಸಂಘ ಬಿಲ್ಡರ್‌ಗೆ ಬರೆದ ಮೊದಲ ಪತ್ರ ನಾಲ್ಕು ಪುಟ ಇತ್ತು. ಲಿಫ್ಟ್ ಕೆಡುವುದು, ಗೋಡೆ ಸೋರುವುದು, ಗೇಟಿನ ಬಣ್ಣ ಹೋಗಿರುವುದು, ಕ್ಲಬ್‌ಹೌಸ್ ಕಟ್ಟದಿರುವುದು, ಪಾರ್ಕಿಂಗ್ ಸಾಲದಿರುವುದು ಎಲ್ಲವನ್ನೂ ಅದರಲ್ಲಿ ತುಂಬಿದ್ದೆವು. ಮೂರು ವಾರದ ಮೇಲೆ ಬಿಲ್ಡರ್ ಕಡೆಯಿಂದ ಒಬ್ಬ ಪ್ಲಂಬರ್ ಬಂದು ಎರಡು ಕಡೆ ಸೋರಿಕೆ ಸರಿಮಾಡಿದ. ಮರುದಿನವೇ ‘ತಮ್ಮ ದೂರುಗಳನ್ನು ಪರಿಹರಿಸಲಾಗಿದೆ’ ಎಂಬ ಇಮೇಲ್ ಬಂತು. ಕ್ಲಬ್‌ಹೌಸ್ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಸಣ್ಣ ದೂರು, ದೊಡ್ಡ ದೂರು ಬೆರೆಸಿದರೆ ಸಣ್ಣದನ್ನು ಮುಗಿಸಿ ದೊಡ್ಡದರಿಂದ ಜಾರಿಕೊಳ್ಳುತ್ತಾರೆ ಎಂದು ಆಗ ಅರ್ಥವಾಯಿತು. ಎರಡನೇ ಪತ್ರದಲ್ಲಿ ಕ್ಲಬ್‌ಹೌಸ್ ಮತ್ತು ಪಾರ್ಕಿಂಗ್ ಎರಡೇ ಇರಬೇಕು ಎಂದು ಸಂಘದ ಸಭೆಯಲ್ಲಿ ತೀರ್ಮಾನಿಸಿದೆವು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಬರೆಯುವ ಮೊದಲು ಕಾಗದ ಹುಡುಕುವುದಕ್ಕೇ ಒಂದೂವರೆ ತಿಂಗಳು ಹಿಡಿಯಿತು. ಎಲ್ಲರ ಕೈಯಲ್ಲೂ ಬಣ್ಣಬಣ್ಣದ ಬ್ರೋಷರ್ ಇತ್ತು. ಈಜುಕೊಳದ ಪಕ್ಕ ಎರಡು ಅಂತಸ್ತಿನ ಕ್ಲಬ್‌ಹೌಸ್ ಚಿತ್ರ. ಆದರೆ ಕೊನೆಯ ಪುಟದ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಚಿತ್ರಗಳು ಕಲ್ಪನೆ ಮಾತ್ರ, ಬದಲಾವಣೆಗೆ ಒಳಪಟ್ಟಿವೆ’ ಎಂದಿತ್ತು. ಮಾರಾಟದ ಕರಾರಿನಲ್ಲೂ ‘ಹಿಂದಿನ ಎಲ್ಲ ಜಾಹೀರಾತುಗಳಿಗಿಂತ ಈ ಕರಾರೇ ಅಂತಿಮ’ ಎಂಬ ಷರತ್ತು. ರಿಯಲ್ ಎಸ್ಟೇಟ್ ನಿಯಂತ್ರಿಸುವ ರೇರಾ ಕಾಯ್ದೆಯ 12ನೇ ಕಲಂ ಪ್ರಕಾರ ಜಾಹೀರಾತಿನಲ್ಲಿ ಸುಳ್ಳು ಹೇಳಿ, ಅದನ್ನು ನಂಬಿ ಹಣ ಕೊಟ್ಟವರಿಗೆ ನಷ್ಟವಾದರೆ ಬಿಲ್ಡರ್ ಹೊಣೆ, ನಿಜ. ಆದರೂ ಬ್ರೋಷರ್ ಒಂದನ್ನೇ ನೆಚ್ಚಿಕೊಂಡರೆ ವಾದ ಅಲ್ಲೇ ಎಳೆದಾಡುತ್ತದೆ ಅನ್ನಿಸಿತು. ನಮಗೆ ಗಟ್ಟಿ ನೆಲ ಸಿಕ್ಕಿದ್ದು ಬೇರೆ ಮೂರು ಕಡೆ.

ಮೊದಲನೆಯದು ಕರಾರಿನ ಹಿಂದೆ ಲಗತ್ತಿಸಿದ್ದ ಸಾಮಾನ್ಯ ಸೌಲಭ್ಯಗಳ ಷೆಡ್ಯೂಲ್. ಯಾರೂ ಓದದ ಆ ಪುಟದಲ್ಲಿ ಕ್ಲಬ್‌ಹೌಸ್ ಹೆಸರು ಸ್ಪಷ್ಟವಾಗಿತ್ತು. ಎರಡನೆಯದು ಮಂಜೂರಾದ ನಕ್ಷೆ. ರೇರಾ ಜಾಲತಾಣದಲ್ಲಿ ಪ್ರಾಜೆಕ್ಟ್ ಪುಟದಿಂದ ಒಂದು ಪ್ರತಿ ಇಳಿಸಿಕೊಂಡೆವು. ಮಂಜೂರು ಮಾಡಿದ ಪ್ರಾಧಿಕಾರದಿಂದ ಮಾಹಿತಿ ಹಕ್ಕಿನಡಿ ದೃಢೀಕೃತ ಪ್ರತಿಯನ್ನೂ ತರಿಸಿದೆವು. ಮೂರನೆಯದು ‘ಕ್ಲಬ್ ಸದಸ್ಯತ್ವ’ ಎಂದು ಪ್ರತ್ಯೇಕ ಹಣ ಪಡೆದ ರಸೀದಿ. 84 ಮನೆಗಳಲ್ಲಿ 67 ಮನೆಯವರು ಅದನ್ನು ಜೋಪಾನ ಮಾಡಿದ್ದರು. ಇಲ್ಲದ ಕಟ್ಟಡಕ್ಕೆ ಸದಸ್ಯತ್ವದ ದುಡ್ಡು ತೆಗೆದುಕೊಂಡದ್ದಕ್ಕೆ ಬಿಲ್ಡರ್ ಬಳಿ ಯಾವ ಉತ್ತರವೂ ಇರಲಿಲ್ಲ.

ಪಾರ್ಕಿಂಗ್ ವಿಷಯದಲ್ಲಿ ‘ಜಾಗ ಸಾಲದು’ ಎಂದು ಬರೆಯಬೇಡಿ ಮೇಡಂ, ಎಣಿಸಿ ಬರೆಯಿರಿ ಎಂದವರು ಮೂರನೇ ಮಹಡಿಯ ನಿವೃತ್ತ ಎಂಜಿನಿಯರ್. ಒಂದು ಭಾನುವಾರ ಬೆಳಿಗ್ಗೆ ಟೇಪು, ಸೀಮೆಸುಣ್ಣ, ನಕ್ಷೆ ಹಿಡಿದು ಬೇಸ್‌ಮೆಂಟಿಗೆ ಇಳಿದೆವು. ನಕ್ಷೆಯಲ್ಲಿ ಮನೆಗೊಂದರಂತೆ 84, ಅತಿಥಿಗಳಿಗೆ 8, ಒಟ್ಟು 92 ಜಾಗ. ನೆಲದ ಮೇಲೆ ಕಾರು ನಿಲ್ಲಿಸಲು ಆಗುವಂಥವು 71. ಉಳಿದ 21 ಎಲ್ಲಿ ಹೋದವು ಎಂದು ಒಂದೊಂದಾಗಿ ಗುರುತಿಸಿದೆವು. 9 ಜಾಗದಲ್ಲಿ ಬಿಲ್ಡರ್ ಗೋಡೆ ಎಬ್ಬಿಸಿ ಸಾಮಾನು ಕೋಣೆ ಮಾಡಿಕೊಂಡಿದ್ದರು. 7 ಜಾಗ ಇನ್ನೊಬ್ಬರ ಕಾರಿನ ಹಿಂದೆ ಸಿಕ್ಕಿಕೊಂಡಿದ್ದವು, ಮುಂದಿನ ಕಾರು ತೆಗೆಯದೆ ಹಿಂದಿನದು ಹೊರಬರುವಂತಿಲ್ಲ. 5 ಕಡೆ ಗೆರೆ ಎಳೆದಿದ್ದರೂ ಎರಡು ಕಂಬಗಳ ನಡುವೆ ಸಿಗುವುದು 2.1 ಮೀಟರ್, ನಕ್ಷೆಯಲ್ಲಿ ಇದ್ದ ಅಗಲ 2.5 ಮೀಟರ್. ಟೇಪು ನೆಲಕ್ಕೆ ತಾಗುವಂತೆ ಇಟ್ಟು, ಅಂಕಿ ಕಾಣುವಂತೆ, ಕಂಬದ ಸಂಖ್ಯೆಯೂ ಬರುವಂತೆ ಪ್ರತಿಯೊಂದರ ಫೋಟೊ ತೆಗೆದೆವು. ಇಡೀ ಪತ್ರದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಆ ಫೋಟೊಗಳೇ.

ಇಷ್ಟೆಲ್ಲ ಆದಮೇಲೂ ನನ್ನ ನಿದ್ದೆ ಕೆಡಿಸಿದ್ದು ಒಂದು ಹಾಳೆ. ಹಸ್ತಾಂತರದ ದಿನ ಆಗಿನ ಕಾರ್ಯದರ್ಶಿಯವರು ‘ಎಲ್ಲ ಸೌಲಭ್ಯಗಳನ್ನು ತೃಪ್ತಿಕರ ಸ್ಥಿತಿಯಲ್ಲಿ ಸ್ವೀಕರಿಸಿದ್ದೇವೆ’ ಎಂದು ಸಹಿ ಹಾಕಿಕೊಟ್ಟಿದ್ದರು. ಬಿಲ್ಡರ್ ಅದನ್ನೇ ಗುರಾಣಿ ಮಾಡಿಕೊಳ್ಳುವುದು ಖಚಿತವಿತ್ತು. ಅದನ್ನು ಮುಚ್ಚಿಡುವ ಬದಲು ಪತ್ರದಲ್ಲಿ ನಾವೇ ಮೊದಲು ಎತ್ತಿದೆವು:

‘ತಾವು ಹಸ್ತಾಂತರ ಪತ್ರದೊಂದಿಗೆ ಲಗತ್ತಿಸಿದ ಪಟ್ಟಿಯಲ್ಲಿ ಲಿಫ್ಟ್, ಪಂಪು, ಜನರೇಟರ್, ಕೊಳಚೆ ನೀರು ಶುದ್ಧೀಕರಣ ಘಟಕ ಮಾತ್ರ ಇವೆ. ಕ್ಲಬ್‌ಹೌಸಿನ ಹೆಸರಾಗಲಿ, ಅದರ ಕೀಲಿ ಕೊಟ್ಟ ದಾಖಲೆಯಾಗಲಿ ಅದರಲ್ಲಿ ಇಲ್ಲ. ಆ ದಿನ ಇಲ್ಲದ ಕಟ್ಟಡವನ್ನು ನಾವು ಸ್ವೀಕರಿಸಿದ್ದೇವೆ ಎಂದು ಆ ಪತ್ರವನ್ನು ಓದಲಾಗದು.’

ಇದರ ಜೊತೆಗೆ, ಮನೆ ಸ್ವಾಧೀನಕ್ಕೆ ತೆಗೆದುಕೊಂಡ ಮಾತ್ರಕ್ಕೆ ಖರೀದಿದಾರರು ಪರಿಹಾರ ಕೇಳುವ ಹಕ್ಕು ಕಳೆದುಕೊಳ್ಳುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನು ಒಂದೇ ಸಾಲಿನಲ್ಲಿ ಸೇರಿಸಿದೆವು. ರೇರಾ ಕಲಂಗಳನ್ನೂ ಹೆಚ್ಚು ಹಾಕಲಿಲ್ಲ. ಮಂಜೂರಾದ ನಕ್ಷೆಯಂತೆಯೇ ಕಟ್ಟಬೇಕು, ಸಾಮಾನ್ಯ ಜಾಗ ಬದಲಿಸಬೇಕಾದರೆ ಕನಿಷ್ಠ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಮೊದಲೇ ಬೇಕು ಎನ್ನುವ 14ನೇ ಕಲಂ; ಹೊಣೆ ನಿಭಾಯಿಸದಿದ್ದರೆ ಪರಿಹಾರ ಕೊಡಬೇಕು ಎನ್ನುವ 18(3). ನಮ್ಮಲ್ಲಿ ಯಾರೂ ಅಂಥ ಒಪ್ಪಿಗೆ ಕೊಟ್ಟಿರಲಿಲ್ಲ.

ಕೊನೆಗೆ ಏನು ಬೇಕು ಎಂಬುದನ್ನು ದಿನಾಂಕದೊಂದಿಗೆ ಬರೆದೆವು. ‘ಆದಷ್ಟು ಬೇಗ’ ಎಂಬ ಮಾತನ್ನು ಕರಡಿನಿಂದ ಮೂರು ಸಲ ಹೊಡೆದುಹಾಕಿದ್ದೇನೆ. 9 ಕೋಣೆಗಳನ್ನು 30 ದಿನದೊಳಗೆ ಒಡೆದು ತೆರವು ಮಾಡಬೇಕು. ಕ್ಲಬ್‌ಹೌಸ್ ಕಾಮಗಾರಿಯ ತಿಂಗಳವಾರು ವೇಳಾಪಟ್ಟಿಯನ್ನು 15 ದಿನದೊಳಗೆ ಸಹಿ ಮಾಡಿ ಕೊಡಬೇಕು. ಸರಿಪಡಿಸಲಾಗದ ಪಾರ್ಕಿಂಗ್ ಜಾಗಗಳಿಗೆ ಪರಿಹಾರ ಸೂಚಿಸಬೇಕು. ಕರಾರು ಒಬ್ಬೊಬ್ಬರ ಹೆಸರಿನಲ್ಲೂ ಬೇರೆಬೇರೆ ಆಗಿರುವುದರಿಂದ ಸಂಘದ ಸಹಿಯೊಂದೇ ಸಾಲದು ಎಂದು, ನಿರ್ಣಯದ ಪ್ರತಿಯ ಜೊತೆ 71 ಮಾಲೀಕರ ಸಹಿಯನ್ನೂ ಮನೆಸಂಖ್ಯೆ ಸಮೇತ ಹಾಕಿಸಿದೆವು. ಕರಾರಿನಲ್ಲಿ ನಮೂದಾದ ವಿಳಾಸಕ್ಕೇ ಸ್ಪೀಡ್ ಪೋಸ್ಟ್, ಅದೇ ದಿನ ಇಮೇಲ್. ಮಾರಾಟ ಕಚೇರಿಗೆ ಕೊಟ್ಟು ಬಂದಿದ್ದ ಮೊದಲ ಪತ್ರಕ್ಕೆ ಸ್ವೀಕೃತಿಯೇ ಇರಲಿಲ್ಲ.

ಹನ್ನೊಂದನೇ ದಿನಕ್ಕೆ ಬಿಲ್ಡರ್ ಕಡೆಯ ಮ್ಯಾನೇಜರ್ ಬಂದರು. ‘ಮೇಡಂ, ನೆಲಮಹಡಿಯ ಒಂದು ಹಾಲನ್ನೇ ಕ್ಲಬ್ ಮಾಡಿಕೊಡ್ತೀವಿ, ದೊಡ್ಡದು ಎರಡನೇ ಹಂತದಲ್ಲಿ ಬರುತ್ತೆ, ಎರಡೂ ಕಡೆಯವರು ಬಳಸಬಹುದು’ ಎಂದರು. ಕೇಳಲು ಚೆನ್ನಾಗಿತ್ತು, ಕೆಲವರು ಒಪ್ಪಿಬಿಡೋಣ ಎಂದರು ಕೂಡ. ಆದರೆ ನಮ್ಮ ನಕ್ಷೆಯಲ್ಲಿ ಕ್ಲಬ್‌ಹೌಸ್ ಇರುವುದು ನಮ್ಮ ಹಂತದಲ್ಲೇ. ಒಪ್ಪಿದ್ದರೆ ನಮ್ಮ ಹಣದ ಕಟ್ಟಡದಲ್ಲಿ ಇನ್ನೊಂದು ಹಂತದ ಮನೆಗಳೂ ಪಾಲುದಾರರಾಗುತ್ತಿದ್ದವು. ‘ಬರವಣಿಗೆಯಲ್ಲಿ ಕೊಡಿ ಸರ್, ಸಭೆ ಮುಂದೆ ಇಡ್ತೀವಿ’ ಎಂದೆ. ಬರವಣಿಗೆ ಬರಲಿಲ್ಲ. ಅವರು ಹೇಳಿದ್ದನ್ನು, ನಾವು ಒಪ್ಪಿಲ್ಲ ಎಂಬುದನ್ನು ಅಂದೇ ಸಂಜೆ ಇಮೇಲ್ ಮಾಡಿ ದಾಖಲೆಗೆ ಸೇರಿಸಿದೆ.

ಒಂಬತ್ತು ಕೋಣೆಗಳ ಗೋಡೆ ಇಪ್ಪತ್ತಾರನೇ ದಿನ ಉರುಳಿತು. ಸಿಮೆಂಟಿನ ಧೂಳು ಇನ್ನೂ ಕೆಳಗಿಳಿಯುವ ಮೊದಲೇ ಎರಡನೇ ಮಹಡಿಯ ಅಜ್ಜಿ ಮಗನನ್ನು ಕರೆದುಕೊಂಡು ಬಂದು ತಮ್ಮ ಸಂಖ್ಯೆಯ ಜಾಗ ಎಲ್ಲಿದೆ ಎಂದು ಹುಡುಕಿದರು; ಎರಡು ವರ್ಷ ಅವರ ಕಾರು ಬೀದಿಯಲ್ಲೇ ನಿಂತಿತ್ತು. ಕಂಬದ ನಡುವಿನ ಐದು ಜಾಗ ಸರಿಯಾಗುವಂಥವಲ್ಲ, ಅವನ್ನು ಬೈಕುಗಳಿಗೆ ಬಿಟ್ಟೆವು. ಹಿಂದೆ-ಮುಂದೆ ಸಿಕ್ಕಿಕೊಂಡ ಏಳು ಹಾಗೇ ಉಳಿದಿವೆ. ಕ್ಲಬ್‌ಹೌಸಿನ ವೇಳಾಪಟ್ಟಿ ಕೊನೆಗೂ ಬರಲಿಲ್ಲ, ಹಾಗಾಗಿ ಸಂಘದ ಹೆಸರಿನಲ್ಲಿ ರೇರಾಗೆ ದೂರು ಸಲ್ಲಿಸಿದ್ದೇವೆ. ಎರಡನೇ ಪತ್ರ, ಅದರ ಸ್ವೀಕೃತಿ, ಫೋಟೊಗಳು, ಆ ಸಂಜೆಯ ಇಮೇಲ್ ಎಲ್ಲವೂ ದೂರಿಗೆ ಲಗತ್ತಾಗಿವೆ. ಮೊದಲ ಪತ್ರವನ್ನು ಲಗತ್ತಿಸಲಿಲ್ಲ.