ಏರಿಯಾ ಹೆಸರು ಕೆಲಸದ ಜೊತೆ ಬರಲಿ: ಅಂಗಡಿಯ ಬ್ಲಾಗ್ ಸುತ್ತಮುತ್ತಲಿನವರಿಗೆ ಸಿಗುವಂತೆ ಮಾಡುವುದು ಹೇಗೆ?

ಸಣ್ಣ ಅಂಗಡಿಗಳ ವೆಬ್‌ಸೈಟ್ ತೆರೆದು ಪುಟದ ತಳಕ್ಕೆ ಹೋಗಿ ನೋಡಿ. ಎಷ್ಟೋ ಕಡೆ ಒಂದು ಉದ್ದದ ಪಟ್ಟಿ ಇರುತ್ತದೆ. 'ನಾವು ಇಲ್ಲೆಲ್ಲ ಸೇವೆ ಕೊಡುತ್ತೇವೆ' ಎಂದು ಮೂವತ್ತು, ನಲವತ್ತು ಏರಿಯಾಗಳ ಹೆಸರು ಸಾಲಾಗಿ ಕೂತಿರುತ್ತವೆ. ಹೆಸರು ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೀರಿ ಎಂದು ಯಾರೋ ಹೇಳಿರುತ್ತಾರೆ. ಆದರೆ ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ 'ಹೀಗೆ ಮಾಡಬೇಡಿ' ಎಂದು ಕೊಟ್ಟಿರುವ ಉದಾಹರಣೆಗಳಲ್ಲಿ ಇಂಥ ಊರುಗಳ ಪಟ್ಟಿಯೂ ಒಂದು. ಒಂದೇ ಬರಹದಲ್ಲಿ ಊರಿನ ಹೆಸರು ಮಾತ್ರ ಬದಲಿಸಿ ಹತ್ತು ಪುಟ ಮಾಡುವುದೂ ಅದೇ ನಿಯಮಗಳಿಗೆ ವಿರುದ್ಧ.

ಹಾಗಾದರೆ ಏರಿಯಾ ಹೆಸರು ಬರೆಯುವುದೇ ಬೇಡವಾ? ಬರೆಯಬೇಕು. ಆದರೆ ಅದು ಅಲ್ಲಿ ಇರುವುದಕ್ಕೆ ಕಾರಣ ಇರಬೇಕು. ಒಂದು ಕಾಲ್ಪನಿಕ ವಾಷಿಂಗ್ ಮೆಷಿನ್ ರಿಪೇರಿ ಅಂಗಡಿಯನ್ನು ಇಟ್ಟುಕೊಂಡು ಇದನ್ನು ಹಂತಹಂತವಾಗಿ ನೋಡೋಣ. ಅವರು ಹೆಚ್ಚಾಗಿ ಹೋಗುವ ಮೂರು ಕಡೆಗಳನ್ನು ಹಳೆಪೇಟೆ, ಹೊಸ ಬಡಾವಣೆ, ಕೆರೆಮೂಲೆ ಎಂದು ಕರೆಯೋಣ.

ಮೊದಲು ಬಿಲ್ ಪುಸ್ತಕ ತೆಗೆಯಿರಿ

ಕಂಪ್ಯೂಟರ್ ಆಮೇಲೆ. ಹಿಂದಿನ ಆರು ತಿಂಗಳ ಬಿಲ್ ಅಥವಾ ಫೋನ್ ನಮೂದುಗಳನ್ನು ಮುಂದಿಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಯಾವ ಏರಿಯಾ, ಏನು ತೊಂದರೆ, ಆ ಜಾಗದಿಂದಾಗಿ ಕೆಲಸದಲ್ಲಿ ಏನು ಬೇರೆಯಾಯಿತು. ಮೂರನೆಯ ಕಾಲಂ ತುಂಬುವುದಕ್ಕೆ ಸ್ವಲ್ಪ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಮುಖ್ಯವಾದದ್ದು ಅದೇ.

ನಮ್ಮ ಅಂಗಡಿಯ ಹಾಳೆ ಹೀಗೆ ಬಂತು ಎನ್ನಿ. ಕೆರೆಮೂಲೆಯಲ್ಲಿ ಬೋರ್‌ವೆಲ್ ನೀರು, ಗಡಸು ಜಾಸ್ತಿ. ನೀರು ಬಿಸಿ ಮಾಡುವ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿಕೊಳ್ಳುತ್ತದೆ. ಹೊಸ ಬಡಾವಣೆಯಲ್ಲಿ ಅಪಾರ್ಟ್‌ಮೆಂಟ್‌ಗಳೇ ಹೆಚ್ಚು. ಕೊನೇ ಮಹಡಿಯ ಮನೆಗೂ ಮೇಲಿನ ಟ್ಯಾಂಕಿಗೂ ಎತ್ತರದ ವ್ಯತ್ಯಾಸ ಕಡಿಮೆ. ಹಾಗಾಗಿ ನೀರಿನ ಒತ್ತಡ ಸಾಲದೆ ಮೆಷಿನ್ ತುಂಬುವುದೇ ಇಲ್ಲ, ಎರರ್ ತೋರಿಸಿ ನಿಲ್ಲುತ್ತದೆ. ಹಳೆಪೇಟೆಯಲ್ಲಿ ಇಕ್ಕಟ್ಟಿನ ಮೆಟ್ಟಿಲು. ಮೆಷಿನ್ ಅಂಗಡಿಗೆ ತರಲಾಗದು, ಅಲ್ಲೇ ಬಿಚ್ಚಿ ಸರಿಮಾಡಬೇಕು.

ಬರೆಯುವ ವಿಷಯ ಆಗಲೇ ಮೂರು ಸಿಕ್ಕಿತು. ಮೂರಕ್ಕೂ ಏರಿಯಾ ತಾನಾಗಿಯೇ ಅಂಟಿಕೊಂಡಿದೆ. ಮೂರನೆಯ ಕಾಲಂ ಖಾಲಿ ಉಳಿದ ಏರಿಯಾಗಳ ಬಗ್ಗೆ ಸದ್ಯಕ್ಕೆ ಪೋಸ್ಟ್ ಬೇಡ. 'ನಾವು ಹೋಗುವ ಜಾಗಗಳು' ಎಂಬ ಒಂದೇ ಪುಟ ಮಾಡಿ ಅವನ್ನು ಅಲ್ಲಿ ಹೇಳಿದರೆ ಸಾಕು. ಯಾವ ದಿನ ಹೋಗುತ್ತೀರಿ, ಎಷ್ಟು ಹೊತ್ತಿನಲ್ಲಿ ತಲುಪುತ್ತೀರಿ ಎಂಬುದೂ ಅಲ್ಲಿರಲಿ. ಆಗ ಅದು ಬರೀ ಪಟ್ಟಿಯಾಗದೆ ಗ್ರಾಹಕರಿಗೆ ಬೇಕಾದ ಮಾಹಿತಿ ಆಗುತ್ತದೆ.

ಜನ ಆ ಜಾಗವನ್ನು ಏನಂತಾರೆ?

ಅಂಚೆ ವಿಳಾಸದಲ್ಲಿ ಒಂದು ಹೆಸರು, ಬಾಯಲ್ಲಿ ಇನ್ನೊಂದು. ಹೊಸ ಬಡಾವಣೆಗೆ ದಾಖಲೆಯಲ್ಲಿ 'ಎರಡನೇ ಹಂತ' ಎಂದಿರಬಹುದು. ಫೋನ್ ಮಾಡುವವರು ಮಾತ್ರ 'ನೀರಿನ ಟ್ಯಾಂಕ್ ಹತ್ತಿರ' ಅನ್ನುತ್ತಾರೆ. ಗ್ರಾಹಕರು ಮೊದಲ ಸಲ ಫೋನ್ ಮಾಡಿದಾಗ ಜಾಗವನ್ನು ಹೇಗೆ ಹೇಳಿದರು ಎಂದು ಗುರುತು ಮಾಡಿಕೊಳ್ಳಿ. ಗೂಗಲ್‌ನಲ್ಲಿ ಏರಿಯಾ ಹೆಸರಿನ ಅರ್ಧ ಟೈಪ್ ಮಾಡಿ, ಕೆಳಗೆ ಬರುವ ಸಲಹೆಗಳನ್ನೂ ನೋಡಿ. ಹೆಚ್ಚು ಬಳಕೆಯಲ್ಲಿರುವ ಹೆಸರು ತಲೆಬರಹಕ್ಕೆ, ಇನ್ನೊಂದು ಹೆಸರು ಬರಹದ ಒಳಗೆ ಒಮ್ಮೆ. ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರದ ಸ್ಪೆಲಿಂಗ್ ಇದ್ದರೆ ನಾಲ್ಕನ್ನೂ ಬರೆಯುವುದು ಬೇಡ, ಓದುವವರಿಗೆ ವಿಚಿತ್ರವಾಗಿ ಕಾಣುತ್ತದೆ.

ಇನ್ನೊಂದು ಮಾತು. ಒಂದೇ ಹೆಸರಿನ ಬಡಾವಣೆ ಹತ್ತು ನಗರಗಳಲ್ಲಿ ಇರಬಹುದು. ಆದ್ದರಿಂದ ಪೋಸ್ಟಿನ ಮೊದಲ ಪ್ಯಾರಾದಲ್ಲಿ ನಗರದ ಹೆಸರನ್ನೂ ಒಮ್ಮೆ ಹೇಳಿ. ದೂರದ ಯಾವುದೋ ನಗರದಿಂದ 'ನಮ್ಮ ಮನೆಗೆ ಬರ್ತೀರಾ?' ಎಂದು ಫೋನ್ ಬರತೊಡಗಿದರೆ, ಆ ಹೆಸರು ಬಿಟ್ಟುಹೋಗಿದೆ ಎಂದೇ ತಿಳಿಯಬಹುದು.

ಈಗ ಬರೆಯುವುದು

ಕೆರೆಮೂಲೆಯ ಪೋಸ್ಟನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಬರುವ ಬರಹ ಹೀಗಿರುತ್ತದೆ:

'ಕೆರೆಮೂಲೆಯಲ್ಲಿ ವಾಷಿಂಗ್ ಮೆಷಿನ್ ರಿಪೇರಿ ಬೇಕೇ? ಕೆರೆಮೂಲೆಯ ಅತ್ಯುತ್ತಮ ವಾಷಿಂಗ್ ಮೆಷಿನ್ ರಿಪೇರಿ ನಮ್ಮದು. ಕೆರೆಮೂಲೆ, ಹಳೆಪೇಟೆ, ಹೊಸ ಬಡಾವಣೆಗಳಲ್ಲಿ ವಾಷಿಂಗ್ ಮೆಷಿನ್ ರಿಪೇರಿಗೆ ಕರೆ ಮಾಡಿ.'

ಇದನ್ನು ಪರೀಕ್ಷೆ ಮಾಡುವುದು ಸುಲಭ. ಕೆರೆಮೂಲೆ ಎಂಬಲ್ಲಿ ಬೇರೆ ಏರಿಯಾ ಹೆಸರು ಹಾಕಿ ಓದಿ. ಬರಹ ಹಾಗೇ ನಿಲ್ಲುತ್ತದಾ? ಹಾಗಿದ್ದರೆ ಆ ಹೆಸರು ಅಲ್ಲಿ ಸುಮ್ನೆ ಕೂತಿದೆ. ಈಗ ಇದನ್ನು ನೋಡಿ:

'ಬಟ್ಟೆ ಒಗೆದಾಗುತ್ತದೆ, ಆದರೆ ನೀರು ಬಿಸಿಯಾಗುವುದಿಲ್ಲ. ಕೆರೆಮೂಲೆಯಿಂದ ನಮಗೆ ಹೆಚ್ಚು ಬರುವ ದೂರು ಇದು. ಅಲ್ಲಿ ಬಹುತೇಕ ಮನೆಗಳಿಗೆ ಬೋರ್‌ವೆಲ್ ನೀರು. ಅದರಲ್ಲಿನ ಸುಣ್ಣದ ಅಂಶ ಬಿಸಿ ಕಾಯಿಲ್ ಮೇಲೆ ಪದರವಾಗಿ ಕೂರುತ್ತದೆ. ಪದರ ತೆಳ್ಳಗಿದ್ದರೆ ಡಿಸ್ಕೇಲಿಂಗ್ ಪುಡಿ ಹಾಕಿ ಬಟ್ಟೆಯಿಲ್ಲದೆ ಒಂದು ಸಲ ಓಡಿಸಿ ನೋಡಿ. ಆಮೇಲೂ ಬಿಸಿಯಾಗದಿದ್ದರೆ ಕಾಯಿಲ್ ಸುಟ್ಟಿರಬಹುದು, ಮೀಟರ್ ಇಟ್ಟು ನೋಡಬೇಕು.'

ಇಲ್ಲಿ ಏರಿಯಾ ಹೆಸರು ಬಂದದ್ದು ಒಂದೇ ಸಲ. ಅದನ್ನು ತೆಗೆದು 'ಹೊಸ ಬಡಾವಣೆ' ಎಂದು ಹಾಕಿದರೆ ಬರಹ ಸುಳ್ಳಾಗುತ್ತದೆ. ಆ ಹೆಸರಿಗೆ ಅಲ್ಲಿ ಕೆಲಸ ಇದೆ ಎನ್ನುವುದು ಹೀಗೆ ಗೊತ್ತಾಗುತ್ತದೆ.

ಇಡೀ ಪೋಸ್ಟಿನಲ್ಲಿ ಹೆಸರು ಎಷ್ಟು ಸಲ ಬರಬೇಕು ಎಂದು ಕೇಳುವವರು ಬಹಳ. ಅದಕ್ಕೊಂದು ಲೆಕ್ಕ ಇಲ್ಲ. ತಲೆಬರಹದಲ್ಲಿ ಒಂದು ಸಲ, ಮೊದಲ ಪ್ಯಾರಾದಲ್ಲಿ ಒಂದು ಸಲ, ಆ ಮೇಲೆ ಮಾತಿಗೆ ಬೇಕಾದಲ್ಲಿ. ತಲೆಬರಹ 'ಕೆರೆಮೂಲೆಯ ಬೋರ್‌ವೆಲ್ ನೀರು: ವಾಷಿಂಗ್ ಮೆಷಿನ್ ಬಿಸಿಯಾಗದಿದ್ದರೆ ಏನು ಮಾಡಬೇಕು?' ಎಂದಿರಲಿ. ಪದರ ಕಟ್ಟಿದ ಕಾಯಿಲ್‌ನ ಫೋಟೊ ಇದ್ದರೆ ಅಡಿಯಲ್ಲಿ 'ಕೆರೆಮೂಲೆಯ ಮನೆಯೊಂದರ ಮೆಷಿನ್‌ನಿಂದ ತೆಗೆದದ್ದು' ಎಂದು ಬರೆಯಿರಿ. ಗ್ರಾಹಕರ ಹೆಸರು, ಮನೆ ನಂಬರ್ ಬೇಡ. ಕೊನೆಯಲ್ಲಿ 'ನಾವು ಹೋಗುವ ಜಾಗಗಳು' ಪುಟಕ್ಕೆ ಒಂದು ಲಿಂಕ್ ಕೊಡಿ. 'ನನ್ನ ಹತ್ತಿರದ ರಿಪೇರಿ ಅಂಗಡಿ' ಎಂಬಂಥ ಮಾತನ್ನು ತುರುಕುವ ಗೋಜಿಗೆ ಹೋಗಬೇಡಿ. ಹತ್ತಿರ ಯಾವುದು ಎಂಬುದನ್ನು ಗೂಗಲ್ ಹುಡುಕುವವರ ಸ್ಥಳ ನೋಡಿ ತೀರ್ಮಾನಿಸುತ್ತದೆ, ನಿಮ್ಮ ವಾಕ್ಯ ನೋಡಿ ಅಲ್ಲ.

ಹೊಸ ಪೋಸ್ಟ್ ಬರೆಯುವ ಮುಂಚೆ ಅದೇ ಏರಿಯಾ, ಅದೇ ತೊಂದರೆ ಬಗ್ಗೆ ಹಳೆಯದೇನಾದರೂ ಇದೆಯೇ ಎಂದು ನೋಡಿಕೊಳ್ಳಿ. ಗೂಗಲ್‌ನಲ್ಲಿ ನಿಮ್ಮ ಸೈಟಿನ ವಿಳಾಸ ಹಾಕಿ ಹೀಗೆ ಹುಡುಕಬಹುದು:

```
site:example.com ಕೆರೆಮೂಲೆ
```

ಹಳೆಯದು ಇದ್ದರೆ ಅದನ್ನೇ ತಿದ್ದಿ ಬೆಳೆಸಿ. ಒಂದೇ ವಿಷಯಕ್ಕೆ ಎರಡು ಪೋಸ್ಟ್ ಇದ್ದರೆ ಯಾವುದನ್ನು ತೋರಿಸಬೇಕು ಎಂಬುದರಲ್ಲಿ ಗೂಗಲ್‌ಗೂ ಗೊಂದಲ.

ಮ್ಯಾಪ್‌ನಲ್ಲಿರುವ ಅಂಗಡಿಗೂ ಬ್ಲಾಗಿಗೂ ನಂಟು

ರಿಪೇರಿ ಎಂದು ಹುಡುಕಿದಾಗ ಸಾಮಾನ್ಯವಾಗಿ ಮೇಲೆ ಮ್ಯಾಪ್ ಜೊತೆ ಕೆಲವು ಅಂಗಡಿಗಳು ಕಾಣುತ್ತವೆ, ಕೆಳಗೆ ಮಾಮೂಲಿ ಲಿಂಕ್‌ಗಳು. ಈ ಎರಡರ ಲೆಕ್ಕಾಚಾರ ಬೇರೆ. ಮ್ಯಾಪ್ ಭಾಗಕ್ಕೆ ಗೂಗಲ್ ಹೇಳುವ ಅಂಶಗಳು ಮೂರು: ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದಿಕೆ, ಎಷ್ಟು ದೂರ, ಅಂಗಡಿ ಎಷ್ಟು ಹೆಸರು ಮಾಡಿದೆ. ಬ್ಲಾಗ್ ಎಷ್ಟೇ ಚೆನ್ನಾಗಿದ್ದರೂ ದೂರ ಕಡಿಮೆಯಾಗುವುದಿಲ್ಲ. ಕೆರೆಮೂಲೆ ನಿಮ್ಮ ಅಂಗಡಿಯಿಂದ ಹನ್ನೆರಡು ಕಿಲೋಮೀಟರ್ ಇದ್ದು, ಅಲ್ಲೇ ಇನ್ನೆರಡು ಅಂಗಡಿಗಳಿದ್ದರೆ ಮ್ಯಾಪ್‌ನಲ್ಲಿ ಅವರೇ ಮುಂದೆ ಇರುವ ಸಾಧ್ಯತೆ ಹೆಚ್ಚು. ಅಂಥ ಕಡೆ ನಿಮ್ಮ ಪೋಸ್ಟಿಗೆ ಅವಕಾಶ ಇರುವುದು ಕೆಳಗಿನ ಲಿಂಕ್‌ಗಳಲ್ಲಿ.

ಹತ್ತಿರದ ಏರಿಯಾಗಳಲ್ಲಿ ಮಾತ್ರ ಬ್ಲಾಗ್ ಮ್ಯಾಪ್‌ಗೂ ನೆರವಾಗುತ್ತದೆ. ಕೆಲವೊಮ್ಮೆ ಅಂಗಡಿಯ ಹೆಸರಿನ ಕೆಳಗೆ 'ಅವರ ವೆಬ್‌ಸೈಟ್‌ನಲ್ಲಿ ಇದರ ಪ್ರಸ್ತಾಪ ಇದೆ' ಎಂಬರ್ಥದ ಸಣ್ಣ ಸಾಲು ಬರುವುದನ್ನು ನೋಡಿರಬಹುದು. ಗೂಗಲ್ ಅದನ್ನು ಎತ್ತಿಕೊಳ್ಳುವುದು ಬಿಸಿನೆಸ್ ಪ್ರೊಫೈಲ್‌ಗೆ, ಅಂದರೆ ಮ್ಯಾಪ್‌ನಲ್ಲಿ ಕಾಣಲು ಗೂಗಲ್‌ನಲ್ಲಿ ನೀವು ತುಂಬಿಟ್ಟ ಅಂಗಡಿಯ ವಿವರಕ್ಕೆ, ಜೋಡಿಸಿದ ಸೈಟಿನಿಂದ. ಹಾಗಾಗಿ ಪ್ರೊಫೈಲ್‌ನಲ್ಲಿ ಸೈಟಿನ ವಿಳಾಸ ಇರಲೇಬೇಕು. ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರ್ ಎರಡೂ ಕಡೆ ಒಂದೇ ಇರಬೇಕು.

ಅದೇ ಪ್ರೊಫೈಲ್‌ನಲ್ಲಿ ಸೇವೆ ಕೊಡುವ ಏರಿಯಾಗಳನ್ನು ತುಂಬುವ ಜಾಗ ಇದೆ. 20ರವರೆಗೆ ಹಾಕಬಹುದು. ಎಲ್ಲ ಸೇರಿ ಅಂಗಡಿಯಿಂದ ಸುಮಾರು 2 ಗಂಟೆ ಗಾಡಿಯ ದಾರಿ ದಾಟಬಾರದು ಎನ್ನುತ್ತದೆ ಗೂಗಲ್. 20 ಇದೆ ಎಂದು 20 ತುಂಬಬೇಡಿ, ನಿಜವಾಗಿ ಹೋಗುವಷ್ಟೇ ಹಾಕಿ. ಗ್ರಾಹಕರು ಬರುವ ಅಂಗಡಿ ಇದ್ದರೆ ವಿಳಾಸ ತೋರಿಸಿ. ಮನೆಯಿಂದಲೇ ಹೊರಟು ಕೆಲಸ ಮಾಡುವವರಾದರೆ ವಿಳಾಸ ಮರೆಮಾಡಬೇಕು. ಅಂಗಡಿಯ ಹೆಸರಿನ ಪಕ್ಕ ಏರಿಯಾ ಹೆಸರು ಸೇರಿಸುವುದು ನಿಯಮಕ್ಕೆ ವಿರುದ್ಧ. ಪ್ರೊಫೈಲ್ ಅಮಾನತಾದರೆ ಮತ್ತೆ ತೆರೆಸಿಕೊಳ್ಳುವುದು ತಲೆನೋವಿನ ಕೆಲಸ.

ಫಲ ಸಿಕ್ಕಿತಾ ಎಂದು ನೋಡುವುದು

ಅಂಗಡಿಯಲ್ಲೇ ಕೂತು ನಿಮ್ಮ ಫೋನಿನಲ್ಲಿ ಹುಡುಕಿದರೆ ನಿಮ್ಮ ಅಂಗಡಿಯೇ ಮೊದಲು ಬರುವ ಸಾಧ್ಯತೆ ಹೆಚ್ಚು. ಅದರಿಂದ ಏನೂ ತಿಳಿಯದು, ಏಕೆಂದರೆ ನೀವಿರುವುದೇ ಅಲ್ಲಿ. ಕೆರೆಮೂಲೆಗೆ ಕೆಲಸಕ್ಕೆ ಹೋದಾಗ ಅಲ್ಲಿ ನಿಂತು ಹುಡುಕಿ.

ಅದಕ್ಕಿಂತ ನಂಬಬಹುದಾದದ್ದು ಗೂಗಲ್‌ನ ಸರ್ಚ್ ಕನ್ಸೋಲ್, ಉಚಿತ. ಅದರಲ್ಲಿ Performance ವಿಭಾಗಕ್ಕೆ ಹೋಗಿ, ಕೆರೆಮೂಲೆ ಪೋಸ್ಟಿನ ವಿಳಾಸವನ್ನು ಫಿಲ್ಟರ್ ಮಾಡಿ. ಎಷ್ಟು ಸಲ ಕಾಣಿಸಿಕೊಂಡಿತು, ಎಷ್ಟು ಜನ ಒತ್ತಿದರು ಎಂದು ಗೊತ್ತಾಗುತ್ತದೆ. ಸಣ್ಣ ಅಂಗಡಿಯವರು ಇಲ್ಲೊಂದು ಗಮನಿಸಬೇಕು. ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು ಗೂಗಲ್ ಖಾಸಗಿತನದ ಕಾರಣಕ್ಕೆ ಪಟ್ಟಿಯಲ್ಲಿ ತೋರಿಸುವುದಿಲ್ಲ. ಏರಿಯಾ ಹೆಸರಿನ ಹುಡುಕಾಟಗಳು ಹೆಚ್ಚಾಗಿ ಇಂಥವೇ. ಹಾಗಾಗಿ ಹುಡುಕಿದ ಮಾತುಗಳ ಪಟ್ಟಿ ಖಾಲಿ ಕಂಡರೂ ಪುಟದ ಒಟ್ಟು ಲೆಕ್ಕ ನೋಡಿ.

ಒಂದೆರಡು ವಾರಕ್ಕೆಲ್ಲ ತೀರ್ಮಾನ ಬೇಡ. ಮೂರು ತಿಂಗಳನ್ನು ಅದರ ಹಿಂದಿನ ಮೂರು ತಿಂಗಳ ಜೊತೆ ಹೋಲಿಸಿ. ತುಂಬಾ ಸಲ ಕಾಣಿಸಿಕೊಂಡರೂ ಯಾರೂ ಒತ್ತದಿದ್ದರೆ ಸರಾಸರಿ ಸ್ಥಾನ ನೋಡಿ. ಅದು ಮೂವತ್ತರ ಆಚೆ ಇದ್ದರೆ ಬರಹದಲ್ಲಿ ಹುರುಳು ಸಾಲದು ಎಂದುಕೊಳ್ಳಬಹುದು. ಮೊದಲ ಹತ್ತರಲ್ಲಿದ್ದೂ ಯಾರೂ ಒತ್ತದಿದ್ದರೆ ಮೊದಲು ತಲೆಬರಹ ಬದಲಿಸಿ ನೋಡಿ. ಫೋನ್ ಮಾಡಿದವರನ್ನು 'ಎಲ್ಲಿ ನೋಡಿದಿರಿ?' ಎಂದು ಕೇಳಿ, ಅದನ್ನೂ ಬಿಲ್ ಪುಸ್ತಕದಲ್ಲೇ ಬರೆದಿಡಿ.

ಮುಂದೆ ಯಾವುದಾದರೂ ಏರಿಯಾಗೆ ಹೋಗುವುದನ್ನು ನಿಲ್ಲಿಸಿದರೆ ಪೋಸ್ಟ್ ಅಳಿಸಬೇಕಾಗಿಲ್ಲ. ಗಡಸು ನೀರಿನ ವಿವರ ಓದುವವರಿಗೆ ಹೇಗೂ ಉಪಯೋಗಕ್ಕೆ ಬರುತ್ತದೆ. 'ಈಗ ಕೆರೆಮೂಲೆಗೆ ನಾವು ಬರುತ್ತಿಲ್ಲ, ಮೆಷಿನ್ ಅಂಗಡಿಗೆ ತಂದರೆ ಸರಿಮಾಡಿಕೊಡುತ್ತೇವೆ' ಎಂದು ಮೇಲೊಂದು ಸಾಲು ಸೇರಿಸಿ, ಪ್ರೊಫೈಲ್‌ನಿಂದಲೂ ಆ ಹೆಸರು ತೆಗೆಯಿರಿ.